ಒಂದು ಹಿಮ್ಮಡಿ, ಮೂರು ಜೋಡಿ ಶೂ, ಒಂದು ಜೋಡಿ ಚಪ್ಪಲಿ

ಹಿಮ್ಮಡಿ ನೋವಿಗೆ ನನ್ನ ಬಳಿ ಬಂದಿದ್ದ ಒಬ್ಬ ನರ್ಸ್ ಪ್ರಕರಣ ಇದು. ಇದನ್ನು ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗಬಾರದೆಂದು ವಯಸ್ಸು ಮತ್ತು ಮನೆಯ ಒಂದೆರಡು ವಿವರ ಬದಲಿಸಿದ್ದೇನೆ. ಅಳತೆಗಳು, ನೋವಿನ ಅಂಕಗಳು, ಯಾವ ವಾರ ಏನಾಯಿತು ಅನ್ನುವುದು ಮಾತ್ರ ನನ್ನ ಟಿಪ್ಪಣಿ ಪುಸ್ತಕದಲ್ಲಿ ಇದ್ದ ಹಾಗೆಯೇ ಇದೆ. ನಾನು ಫಿಸಿಯೋಥೆರಪಿಸ್ಟ್. ಪಾದದ ತೊಂದರೆ ಇರುವವರನ್ನೇ ಹೆಚ್ಚು ನೋಡುತ್ತೇನೆ. ಈ ಪ್ರಕರಣದಲ್ಲಿ ನಾನು ಮೊದಲು ಕೊಟ್ಟ ಸಲಹೆ ತಪ್ಪಿತು. ಆ ತಪ್ಪಿನಿಂದಲೇ ಮುಂದಿನ ದಾರಿ ಸಿಕ್ಕಿತು. ಹಾಗಾಗಿ ಅದನ್ನೂ ಪೂರ್ತಿ ಬರೆಯುತ್ತಿದ್ದೇನೆ.

ಹಿನ್ನೆಲೆ

ಅವರು ನರ್ಸ್, 44 ವರ್ಷ. ವಾರ್ಡಿನಲ್ಲಿ ದಿನಕ್ಕೆ ಎಂಟು ಗಂಟೆ ಕೆಲಸ, ಕೆಲವು ದಿನ ಹನ್ನೆರಡು. ಗಟ್ಟಿ ನೆಲ. ಫೋನಿನ ಲೆಕ್ಕದಲ್ಲಿ ದಿನಕ್ಕೆ ಸುಮಾರು 11,000 ಹೆಜ್ಜೆ. ಬಲಗಾಲಿನ ಹಿಮ್ಮಡಿ ನೋವು ಶುರುವಾಗಿ ಐದು ತಿಂಗಳಾಗಿತ್ತು. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಇಡುವ ಮೊದಲ ಹೆಜ್ಜೆಗೆ ಹತ್ತರಲ್ಲಿ ಏಳು ನೋವು. ಸ್ವಲ್ಪ ಓಡಾಡಿದ ಮೇಲೆ ಮೂರಕ್ಕೆ ಇಳಿಯುತ್ತಿತ್ತು. ಕೆಲಸ ಮುಗಿಯುವ ಹೊತ್ತಿಗೆ ಮತ್ತೆ ಆರು.

ಬಂದವರೇ ಒಂದು ಎಕ್ಸ್‌ರೇ ತೆಗೆದು ಮೇಜಿನ ಮೇಲಿಟ್ಟರು. "ಮೇಡಂ, ಮೂಳೆ ಬೆಳೆದಿದೆಯಂತೆ. ಅದು ಚುಚ್ಚುತ್ತಾ ಇದೆ, ಅಲ್ವಾ?" ಅಂದರು. ಎಕ್ಸ್‌ರೇನಲ್ಲಿ ಎರಡೂ ಕಾಲು ಇದ್ದವು. ನೋವೇ ಇಲ್ಲದ ಎಡಗಾಲಿನಲ್ಲೂ ಅಷ್ಟೇ ಉದ್ದದ ಮುಳ್ಳಿನಂಥ ಮೂಳೆ ಕಾಣುತ್ತಿತ್ತು. ಅದನ್ನು ಅವರಿಗೇ ತೋರಿಸಿದೆ. ನೋವಿಲ್ಲದ ಎಷ್ಟೋ ಜನರ ಹಿಮ್ಮಡಿಯಲ್ಲಿ ಇಂಥ ಮೂಳೆ ಇರುತ್ತದೆ. ಎಡಗಾಲನ್ನು ನೋಡಿದ ಮೇಲೆ ಅವರ ಮುಖದ ಗಾಬರಿ ಅರ್ಧ ಇಳಿಯಿತು.

ಶೂ ವಿಷಯಕ್ಕೆ ಹೋಗುವ ಮೊದಲು ಇದು ನಿಜವಾಗಿಯೂ ಪ್ಲಾಂಟಾರ್ ಫೇಶಿಯೈಟಿಸ್ಸೇ, ಅಂದರೆ ಅಂಗಾಲಿನ ದಪ್ಪ ಪಟ್ಟಿ ಹಿಮ್ಮಡಿಗೆ ಸೇರುವ ಕಡೆ ಬರುವ ನೋವೇ ಎಂದು ಖಚಿತ ಮಾಡಿಕೊಳ್ಳಬೇಕಿತ್ತು. ಬೇರೆ ಹಿಮ್ಮಡಿ ನೋವಿಗೆ ಬೇರೆ ಶೂ ಬೇಕಾಗುತ್ತದೆ. ಹಿಮ್ಮಡಿಯ ತಳದಲ್ಲಿ, ಒಳಬದಿಗೆ ಸ್ವಲ್ಪ ಮುಂದೆ ಹೆಬ್ಬೆರಳಿನಿಂದ ಒತ್ತಿದಾಗ ಅವರು ಕಾಲು ಎಳೆದುಕೊಂಡರು. ಹಿಮ್ಮಡಿಯ ನಟ್ಟನಡುವೆ ಒತ್ತಿದರೆ ಅಷ್ಟು ನೋವಿಲ್ಲ. ಎರಡೂ ಬದಿಯಿಂದ ಹಿಮ್ಮಡಿ ಮೂಳೆಯನ್ನು ಹಿಂಡಿದರೂ ನೋವಿಲ್ಲ, ಹಾಗಾಗಿ ಮೂಳೆ ಬಿರುಕಿನ ಅನುಮಾನ ದೂರವಾಯಿತು. ಜುಮ್ಮೆನ್ನುವುದಾಗಲಿ ಉರಿಯಾಗಲಿ ಇಲ್ಲ, ಅಂದರೆ ನರದ ತೊಂದರೆ ಕಾಣಲಿಲ್ಲ. ಕೊನೆಗೆ ಅವರನ್ನು ನಿಲ್ಲಿಸಿ ಬಲಗಾಲಿನ ಹೆಬ್ಬೆರಳನ್ನು ಮೇಲಕ್ಕೆತ್ತಿದೆ. ಅದೇ ಜಾಗದಲ್ಲಿ, ಅದೇ ನೋವು ಬಂತು.

ಹೆಬ್ಬೆರಳು ಎತ್ತಿದರೆ ಹಿಮ್ಮಡಿ ಯಾಕೆ ನೋಯಬೇಕು? ಈ ಪ್ರಕರಣವೆಲ್ಲ ನಿಂತಿರುವುದು ಅಲ್ಲೇ. ಪ್ಲಾಂಟಾರ್ ಫೇಶಿಯಾ ಎಂದರೆ ಹಿಮ್ಮಡಿ ಮೂಳೆಯಿಂದ ಹೊರಟು ಅಂಗಾಲಿನ ಉದ್ದಕ್ಕೂ ಹಾದು ಬೆರಳುಗಳ ಬುಡಕ್ಕೆ ಸೇರುವ ದಪ್ಪ ಪಟ್ಟಿ. ಬಾವಿಯ ರಾಟೆಯನ್ನು ನೆನಪಿಸಿಕೊಳ್ಳಿ. ಬೆರಳ ಬುಡದ ಗೆಣ್ಣು ರಾಟೆ, ಈ ಪಟ್ಟಿಯೇ ಹಗ್ಗ. ಹೆಜ್ಜೆಯ ಕೊನೆಯಲ್ಲಿ ಹಿಮ್ಮಡಿ ಎದ್ದು ಬೆರಳುಗಳು ಮೇಲಕ್ಕೆ ಬಾಗಿದಾಗ ಹಗ್ಗ ರಾಟೆಗೆ ಸುತ್ತಿಕೊಂಡು ಬಿಗಿಯಾಗುತ್ತದೆ, ಪಾದದ ಕಮಾನು ಮೇಲೇಳುತ್ತದೆ. ಬ್ರಿಟನ್ನಿನ ಸಂಶೋಧಕ ಹಿಕ್ಸ್ ಇದನ್ನು 1954ರಲ್ಲೇ ವಿವರಿಸಿದ್ದರು. ಈ ವ್ಯವಸ್ಥೆ ಇಲ್ಲದೆ ನಾವು ಸರಿಯಾಗಿ ನಡೆಯುವುದೇ ಕಷ್ಟ. ಆದರೆ ಹಗ್ಗದ ಬುಡ ನೊಂದಿದ್ದಾಗ ದಿನಕ್ಕೆ 11,000 ಹೆಜ್ಜೆ ಅಂದರೆ ಆ ಕಾಲಿಗೆ ಐದೂವರೆ ಸಾವಿರ ಸಲ ಆ ಎಳೆತ.

ಇನ್ನೊಂದು ವಿಷಯ ಕಂಡಿತು. ಗೋಡೆಗೆ ಮುಖಮಾಡಿ ನಿಂತು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸುವ ಪರೀಕ್ಷೆ ಇದೆ. ಎಡಗಾಲಿನ ಹೆಬ್ಬೆರಳು ಗೋಡೆಯಿಂದ 9 ಸೆಂ.ಮೀ. ದೂರದಲ್ಲಿದ್ದರೂ ಮಂಡಿ ತಾಗುತ್ತಿತ್ತು. ಬಲಗಾಲಿನಲ್ಲಿ 5 ಸೆಂ.ಮೀ. ದಾಟಿದರೆ ಹಿಮ್ಮಡಿ ಏಳುತ್ತಿತ್ತು. ಮೀನಖಂಡ ಬಿಗಿಯಾಗಿತ್ತು. ಮೀನಖಂಡ ಬಿಗಿಯಾದಷ್ಟೂ ಹಿಮ್ಮಡಿ ಬೇಗ ಏಳುತ್ತದೆ, ಮುಂಪಾದದ ಮೇಲೆ ಭಾರ ಬೇಗ ಬೀಳುತ್ತದೆ, ಹಗ್ಗ ಇನ್ನಷ್ಟು ಎಳೆಯುತ್ತದೆ.

ಅವರು ಹಾಕಿಕೊಂಡು ಬಂದಿದ್ದ ಶೂ

ನೋವು ಶುರುವಾದಾಗ ಅವರು ತೆಳು ಅಟ್ಟೆಯ ಚಪ್ಪಟೆ ಶೂ ಹಾಕುತ್ತಿದ್ದರು. ಎಲ್ಲರೂ ಹೇಳುವ ಹಾಗೆ ಇವರಿಗೂ ಯಾರೋ "ಮೆತ್ತಗಿರೋದು ತಗೊಳ್ಳಿ" ಅಂದಿದ್ದರು. ಹಾಗೆ ಕೊಂಡ ಶೂ ತುಂಬಾ ಮೃದುವಾದ ಫೋಮ್‌ನದು. ಮೊದಲ ಹತ್ತು ದಿನ ಹಾಯೆನಿಸಿತಂತೆ. ಮೂರನೇ ವಾರಕ್ಕೆ ನೋವು ಮೊದಲಿಗಿಂತ ಜಾಸ್ತಿಯಾಯಿತು. "ಇಷ್ಟು ಮೆತ್ತಗಿದ್ದರೂ ಯಾಕೆ ಹೀಗೆ?" ಎನ್ನುವುದೇ ಅವರ ಮೊದಲ ಪ್ರಶ್ನೆ.

ಶೂ ಬಿಚ್ಚಿಸಿ ಮೇಜಿನ ಮೇಲಿಟ್ಟೆ. ಬಲ ಶೂ ಹಿಂಬದಿಯಿಂದ ನೋಡಿದರೆ ಒಳಕ್ಕೆ ವಾಲಿತ್ತು. ಹಿಮ್ಮಡಿ ಕೆಳಗಿನ ಫೋಮ್‌ನ ಒಳಬದಿಯಲ್ಲಿ ಅಡ್ಡಡ್ಡ ಸುಕ್ಕುಗಳು ಬಿದ್ದಿದ್ದವು, ಹೆಬ್ಬೆರಳಿನಿಂದ ಒತ್ತಿದರೆ ಅಲ್ಲಿ ಪುಟಿತವೇ ಉಳಿದಿರಲಿಲ್ಲ. ತುದಿ ಮತ್ತು ಹಿಮ್ಮಡಿ ಹಿಡಿದು ಬಗ್ಗಿಸಿದರೆ ಶೂ ಬೆರಳ ಹತ್ತಿರ ಅಲ್ಲ, ನಟ್ಟನಡುವೆ ಮಡಚಿಕೊಂಡಿತು. ಎರಡು ಕೈಯಲ್ಲಿ ಹಿಡಿದು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿದರೆ ಅದೂ ಆಗುತ್ತಿತ್ತು.

ಇಲ್ಲಿ ಕುಶನ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ಬೇರೆ ಬೇರೆ ಮಾಡಿ ನೋಡಬೇಕು. ಹಿಮ್ಮಡಿ ನೆಲಕ್ಕೆ ತಾಗುವ ಕ್ಷಣದ ಒತ್ತಡವನ್ನು ಕುಶನ್ ಕಡಿಮೆ ಮಾಡುತ್ತದೆ. ನೊಂದ ಜಾಗಕ್ಕೆ ಅದು ಹಿತ, ಅದಕ್ಕೇ ಮೊದಲ ದಿನಗಳಲ್ಲಿ ಆರಾಮ ಸಿಗುತ್ತದೆ. ಆದರೆ ಹಗ್ಗ ಎಳೆಯುವುದು ಹಿಮ್ಮಡಿ ತಾಗುವಾಗ ಅಲ್ಲ, ಹಿಮ್ಮಡಿ ಏಳುವಾಗ. ಆ ಕ್ಷಣದಲ್ಲಿ ಮೃದು ಫೋಮ್ ಬೆರಳುಗಳನ್ನು ಬೇಕಾದಷ್ಟು ಬಾಗಲು ಬಿಡುತ್ತದೆ. ಜೊತೆಗೆ ಹಿಮ್ಮಡಿ ಕೆಳಗಿನ ಫೋಮ್ ಕುಸಿದರೆ ಹಿಮ್ಮಡಿ ಮುಂಪಾದಕ್ಕಿಂತ ಎತ್ತರದಲ್ಲಿ ಇರುವ ಲಾಭವೂ ಹೋಗುತ್ತದೆ. ಆಗ ಬಿಗಿಯಾದ ಮೀನಖಂಡಕ್ಕೆ ಇನ್ನೂ ಎಳೆತ. ಇವರ ವಿಷಯದಲ್ಲಿ ಮೂರೂ ಆಗಿದ್ದವು.

ಒಂದು ಮಾತು ಸೇರಿಸಬೇಕು. ಹಿಮ್ಮಡಿಯ ನಡುಭಾಗದಲ್ಲಿ ನೋವಿದ್ದು, ಅಲ್ಲಿನ ಕೊಬ್ಬಿನ ದಿಂಬು ತೆಳುವಾಗಿದ್ದರೆ ಲೆಕ್ಕ ತಿರುಗುತ್ತದೆ. ಅಂಥವರಿಗೆ ಗಟ್ಟಿ ನೆಲದ ಮೇಲೆ ಬರಿಗಾಲಲ್ಲಿ ನಿಂತಷ್ಟೂ ನೋವು ಏರುತ್ತದೆ, ಮೊದಲ ಹೆಜ್ಜೆಯ ನೋವು ಅಷ್ಟು ಎದ್ದು ಕಾಣುವುದಿಲ್ಲ. ಅವರಿಗೆ ಕುಶನ್ನೇ ಮೊದಲ ಮದ್ದು. ಅದಕ್ಕೇ ಒತ್ತಿ ನೋಡಿದ ಜಾಗ ಅಷ್ಟು ಮುಖ್ಯ.

ಮೊದಲ ನಿರ್ಧಾರ, ಮತ್ತು ಅದರ ತಪ್ಪು

ಬೆರಳು ಬಾಗುವುದೇ ತೊಂದರೆ ಅಂದ ಮೇಲೆ ಬಾಗದ ಶೂ ಕೊಟ್ಟರೆ ಆಯಿತು ಅಂದುಕೊಂಡೆ. ಮಿಡ್‌ಸೋಲ್, ಅಂದರೆ ಅಟ್ಟೆಯ ನಡುಪದರ, ಗಟ್ಟಿಯಾಗಿರುವ, ಚಪ್ಪಟೆ ತಳದ ಒಂದು ಜೋಡಿ ಕೆಲಸದ ಶೂ ಸೂಚಿಸಿದೆ. ಕೈಯಲ್ಲಿ ಬಗ್ಗಿಸಿದರೆ ಬೆರಳ ಹತ್ತಿರವೂ ಅಲುಗುತ್ತಿರಲಿಲ್ಲ. ಒಳಗೆ ತೆಳುವಾದ ಮೃದು ಪದರ ಇತ್ತು.

ಎರಡು ವಾರಕ್ಕೆ ಬೆಳಗಿನ ನೋವು ಏಳರಿಂದ ಐದಕ್ಕೆ ಇಳಿಯಿತು. ನನಗೆ ಸಮಾಧಾನವಾಯಿತು. ಅವರಿಗೆ ಆಗಲಿಲ್ಲ. "ಮೇಡಂ, ಹಿಮ್ಮಡಿ ಪರವಾಗಿಲ್ಲ. ಆದರೆ ಮೀನಖಂಡ ಕಲ್ಲಿನ ಹಾಗಾಗಿದೆ. ಸಾಯಂಕಾಲದ ಹೊತ್ತಿಗೆ ಮಂಡಿ ಒಳಗಡೆ ಏನೋ ಎಳೆಯುತ್ತೆ" ಅಂದರು. ಹಿಂಬದಿಯಲ್ಲಿ ಶೂ ಉಜ್ಜಿ ಚರ್ಮ ಕೆಂಪಾಗಿತ್ತು.

ಆ ದಿನ ಫೋನಿನಲ್ಲಿ ಅವರು ನಡೆಯುವುದನ್ನು ಪಕ್ಕದಿಂದ ಮತ್ತು ಹಿಂದಿನಿಂದ ವೀಡಿಯೋ ಮಾಡಿದೆ, ನಿಧಾನ ವೇಗದಲ್ಲಿ ಇಬ್ಬರೂ ನೋಡಿದೆವು. ಈ ಪ್ರಕರಣ ತಿರುಗಿದ್ದು ಅಲ್ಲೇ. ಹಿಮ್ಮಡಿ ಏಳುವಾಗ ಪಾದ ಶೂನಿಂದ ಜಾರಿ ಮೇಲೆ ಬರುತ್ತಿತ್ತು, ಶೂ ಮಾತ್ರ ನೆಲಕ್ಕೆ ಅಂಟಿಕೊಂಡಿರುತ್ತಿತ್ತು. ಅದನ್ನು ತಪ್ಪಿಸಲು ಅವರು ಬಲಪಾದವನ್ನು ಹೊರಕ್ಕೆ ತಿರುಗಿಸಿ, ಶೂನ ಒಳ ಅಂಚಿನ ಮೇಲೆ ಹೊರಳಿ ಹೆಜ್ಜೆ ಮುಗಿಸುತ್ತಿದ್ದರು. ಮಂಡಿಯ ಒಳಬದಿ ಎಳೆಯುತ್ತಿದ್ದುದು ಇದಕ್ಕೇ.

ಗಟ್ಟಿ ಹಲಗೆಯ ಮೇಲೆ ನಿಂತಿದ್ದೀರಿ ಅಂದುಕೊಳ್ಳಿ. ಮುಂದೆ ಹೋಗಬೇಕಾದರೆ ಆ ಹಲಗೆಯ ತುದಿಯ ಮೇಲೆ ಇಡೀ ದೇಹವನ್ನು ಎತ್ತಬೇಕು. ಬೆರಳ ಬುಡದಲ್ಲಿ ಬಾಗುವ ಶೂನಲ್ಲಿ ತಿರುಗುವ ಬಿಂದು ಅಲ್ಲೇ ಇರುತ್ತದೆ. ಬಾಗದ ಚಪ್ಪಟೆ ಶೂನಲ್ಲಿ ಅದು ಶೂನ ಮೂತಿಗೆ ಹೋಗುತ್ತದೆ. ಅಷ್ಟು ದೂರದಿಂದ ಎತ್ತಬೇಕಾದ್ದು ಮೀನಖಂಡ. ಮೊದಲೇ ಬಿಗಿಯಾಗಿದ್ದ ಮೀನಖಂಡಕ್ಕೆ ನಾನು ಇನ್ನಷ್ಟು ಕೆಲಸ ಹೊರಿಸಿದ್ದೆ. ಇನ್ನೊಂದು ತಿಂಗಳು ಹೀಗೇ ಬಿಟ್ಟಿದ್ದರೆ ಸಿಕ್ಕಿದ ಸ್ವಲ್ಪ ಗುಣವೂ ಹೋಗುತ್ತಿತ್ತು ಎಂದೇ ನನ್ನ ಅಭಿಪ್ರಾಯ.

ಗಟ್ಟಿತನ ಬೇಕಿತ್ತು, ಅದು ಸರಿ. ಆದರೆ ಬಾಗುವುದನ್ನು ತಡೆದ ಮೇಲೆ ಉರುಳುವುದಕ್ಕೆ ದಾರಿ ಕೊಡಬೇಕಿತ್ತು.

ರಾಕರ್ ಸೋಲ್ ಆರಿಸಿದ ಬಗೆ

ರಾಕರ್ ಸೋಲ್ ಎಂದರೆ ತೊಟ್ಟಿಲಿನ ಕಾಲಿನಂತೆ ಬಾಗಿದ ತಳ. ಮುಂಭಾಗ ನೆಲದಿಂದ ಮೇಲೆದ್ದಿರುತ್ತದೆ. ಬೆರಳು ಬಾಗುವ ಬದಲು ಶೂ ತಾನೇ ಮುಂದಕ್ಕೆ ಉರುಳುತ್ತದೆ. ಹಗ್ಗ ಅಷ್ಟಾಗಿ ಸುತ್ತಿಕೊಳ್ಳುವುದಿಲ್ಲ, ಮೀನಖಂಡವೂ ದೇಹವನ್ನು ದೂರದ ತುದಿಯಿಂದ ಎತ್ತಬೇಕಿಲ್ಲ. ಕೇಳಲು ಸುಲಭ. ಆದರೆ ಮುಂಭಾಗ ಮೇಲೆದ್ದ ಶೂ ಎಲ್ಲವೂ ಈ ಕೆಲಸ ಮಾಡುವುದಿಲ್ಲ. ಅವರು ಮೂರು ಜೋಡಿ ತಂದಿದ್ದರು, ಹಿಂತಿರುಗಿಸಬಹುದಾದ ಒಪ್ಪಂದದ ಮೇಲೆ. ಮೂರನ್ನೂ ಮೇಜಿನ ಮೇಲೆ ಸಾಲಾಗಿಟ್ಟು ನೋಡಿದೆವು.

ಮೊದಲನೆಯದರ ತಳ ಚೆನ್ನಾಗಿ ಬಾಗಿತ್ತು. ಆದರೆ ಮಿಡ್‌ಸೋಲ್ ಮೃದು. ಶೂನ ಮೂತಿಯನ್ನು ಮೇಲಕ್ಕೆ ಒತ್ತಿದರೆ ಬೆರಳ ಜಾಗದಲ್ಲಿ ಸಲೀಸಾಗಿ ಮಡಚಿಕೊಂಡಿತು. ಇಂಥ ಶೂನಲ್ಲಿ ಭಾರ ಬಿದ್ದಾಗ ಬಾಗಿದ ತಳ ಚಪ್ಪಟೆಯಾಗಿ, ಬೆರಳು ಒಳಗೇ ಬಾಗಿಬಿಡುತ್ತದೆ. ರಾಕರ್ ಕಣ್ಣಿಗೆ ಮಾತ್ರ. ಗಟ್ಟಿ ಮಿಡ್‌ಸೋಲ್ ಅಥವಾ ಒಳಗೊಂದು ಗಟ್ಟಿ ತಗಡು ಇಲ್ಲದೆ ರಾಕರ್ ಇಲ್ಲ ಎಂದು ನಾನು ಈಗ ಎಲ್ಲರಿಗೂ ಮೊದಲು ಹೇಳುವುದು ಇದಕ್ಕೇ.

ಉಳಿದೆರಡೂ ಗಟ್ಟಿಯಾಗಿದ್ದವು. ಅವುಗಳಲ್ಲಿ ನೋಡಬೇಕಾದ್ದು ಬಾಗು ಎಲ್ಲಿಂದ ಶುರುವಾಗುತ್ತದೆ ಅನ್ನುವುದು. ಇದಕ್ಕೆ ಒಂದು ಸರಳ ಉಪಾಯ ಇದೆ. ಶೂವನ್ನು ಸಮತಟ್ಟಾದ ಮೇಜಿನ ಮೇಲಿಟ್ಟು, ಮುಂದಿನಿಂದ ಒಂದು ದಪ್ಪ ಕಾಗದವನ್ನು ತಳದ ಕೆಳಗೆ ತೂರಿಸಬೇಕು. ಕಾಗದ ಎಲ್ಲಿ ನಿಲ್ಲುತ್ತದೋ ಅಲ್ಲಿ ಪೆನ್ಸಿಲ್ ಗುರುತು. ಹಿಂಬದಿಯಿಂದ ಆ ಗುರುತಿನವರೆಗೆ ಅಳೆಯಬೇಕು. ಎರಡೂ ಶೂಗಳ ತಳದ ಉದ್ದ 270 ಮಿ.ಮೀ. ಎರಡನೇ ಜೋಡಿಯಲ್ಲಿ ಕಾಗದ ನಿಂತಿದ್ದು 205 ಮಿ.ಮೀ.ನಲ್ಲಿ, ಅಂದರೆ ಉದ್ದದ ಮುಕ್ಕಾಲು ಭಾಗದ ಹತ್ತಿರ. ಮೂರನೆಯದರಲ್ಲಿ 168 ಮಿ.ಮೀ., ಅಂದರೆ ನೂರಕ್ಕೆ 62.

ಈ ವ್ಯತ್ಯಾಸ ಯಾಕೆ ಮುಖ್ಯ? ಹೆಬ್ಬೆರಳ ಬುಡದ ಗೆಣ್ಣು ಹೆಚ್ಚಿನವರಲ್ಲಿ ಪಾದದ ಉದ್ದದ ಮುಕ್ಕಾಲು ಭಾಗಕ್ಕೆ ಸ್ವಲ್ಪ ಹಿಂದೆ ಇರುತ್ತದೆ. ಶೂ ಉರುಳಲು ಶುರುವಾಗುವ ಜಾಗ ಆ ಗೆಣ್ಣಿಗಿಂತ ಹಿಂದೆ ಇರಬೇಕು. ಆಗ ಬೆರಳು ಬಾಗುವ ಸರದಿ ಬರುವ ಮೊದಲೇ ಶೂ ಉರುಳಿರುತ್ತದೆ. ಎರಡನೇ ಜೋಡಿಯಲ್ಲಿ ಬಾಗು ಇದ್ದದ್ದು ಬೆರಳುಗಳ ಕೆಳಗೆ. ಅದು ಎಡವದಿರಲಿ ಎಂದು ಎಲ್ಲ ಶೂಗಳಲ್ಲೂ ಇರುವಂಥ ಮೂತಿಯ ಎತ್ತು, ಅಷ್ಟೇ. ಗಟ್ಟಿಯಾಗಿಯೂ ಇದ್ದದ್ದರಿಂದ ಅದು ಹಾಕಿದ್ದರೆ ನನ್ನ ಹಿಂದಿನ ತಪ್ಪೇ ಮರಳಿ ಬರುತ್ತಿತ್ತು.

ಮೂರನೆಯದು ಉಳಿಯಿತು. ಅದರ ಹಿಮ್ಮಡಿ ದಪ್ಪ 34 ಮಿ.ಮೀ., ಮುಂಪಾದದಲ್ಲಿ 26. ಅಂದರೆ ಹಿಮ್ಮಡಿ 8 ಮಿ.ಮೀ. ಎತ್ತರದಲ್ಲಿ ಇರುತ್ತದೆ, ಬಿಗಿಯಾದ ಮೀನಖಂಡಕ್ಕೆ ಅಷ್ಟು ಸಡಿಲ. ಫೋಮ್ ಒತ್ತಿದರೆ ಸ್ವಲ್ಪ ತಗ್ಗಿ ತಕ್ಷಣ ಪುಟಿಯುತ್ತಿತ್ತು. ಅಗಲವಾದ ತಳ, ಹಿಂಬದಿಯ ಕಪ್ ಹಿಂಡಿದರೆ ಕುಸಿಯದಷ್ಟು ಗಟ್ಟಿ. ಹಿಮ್ಮಡಿ ಜಾರದಂತೆ ಮೇಲಿನ ಕೊನೆಯ ತೂತಿನಲ್ಲಿ ಲೇಸನ್ನು ಅದೇ ಬದಿಗೆ ಕುಣಿಕೆ ಮಾಡಿ, ಎದುರಿನ ಲೇಸನ್ನು ಆ ಕುಣಿಕೆಯೊಳಗೆ ಹಾಯಿಸಿ ಕಟ್ಟಲು ಹೇಳಿಕೊಟ್ಟೆ. ಗಟ್ಟಿ ಶೂನಲ್ಲಿ ಇದನ್ನು ಬಿಟ್ಟರೆ ಹಿಮ್ಮಡಿ ಉಜ್ಜುವುದು ತಪ್ಪುವುದಿಲ್ಲ.

ಒಳಗೆ ಕಮಾನಿಗೆ ಆಸರೆ ಕೊಡುವ ಸಿದ್ಧ ಇನ್‌ಸೋಲ್ ಒಂದನ್ನೂ ಹಾಕಿದೆವು, ಶೂ ಜೊತೆ ಬಂದಿದ್ದ ಇನ್‌ಸೋಲ್ ತೆಗೆದು. ತೆಗೆಯದೆ ಮೇಲೆಯೇ ಹಾಕಿದರೆ ಹಿಮ್ಮಡಿ ಕಪ್‌ನಿಂದ ಮೇಲೆದ್ದುಬಿಡುತ್ತದೆ. ಅಳತೆ ತೆಗೆದು ಮಾಡಿಸಿದ್ದೇ ಬೇಕಾ ಎಂದು ಅವರು ಕೇಳಿದರು. ಆಸ್ಟ್ರೇಲಿಯಾದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸಿದ್ಧ ಇನ್‌ಸೋಲ್ ಮತ್ತು ಅಳತೆ ಕೊಟ್ಟು ಮಾಡಿಸಿದ್ದರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಸಿದ್ಧವಾದದ್ದೇ ಸಾಕು ಅಂದೆ. ರಾಕರ್ ಮತ್ತು ಇನ್‌ಸೋಲ್ ಎರಡನ್ನೂ ಸೇರಿಸಿದ್ದಕ್ಕೂ ಕಾರಣ ಇದೆ. 2012ರಲ್ಲಿ ಪ್ರಕಟವಾದ, 15 ಜನರ ಮೇಲಿನ ಒಂದು ಚಿಕ್ಕ ಅಧ್ಯಯನದಲ್ಲಿ ನಡೆಯುವಾಗಿನ ನೋವು ಒಂದೊಂದರಿಂದ ಇಳಿದದ್ದಕ್ಕಿಂತ ಎರಡೂ ಸೇರಿದಾಗ ಹೆಚ್ಚು ಇಳಿದಿತ್ತು. ಅದು ತಕ್ಷಣದ ನೋವಿನ ಅಳತೆ, ತಿಂಗಳುಗಳದ್ದಲ್ಲ. ಅದನ್ನೂ ಅವರಿಗೆ ಹೇಳಿದೆ.

ರೂಢಿಯಾಗುವವರೆಗೆ

ರಾಕರ್ ಶೂ ಹಾಕಿ ಸುಮ್ನೆ ನಿಂತಾಗಲೇ ಮುಂದಕ್ಕೆ ತಳ್ಳಿದ ಹಾಗೆ ಅನಿಸುತ್ತದೆ. ಮೊದಲ ದಿನ ಅವರು ಮೇಜು ಹಿಡಿದುಕೊಂಡರು. ಅದಕ್ಕೇ ಮೊದಲು ಬರಿಗಾಲಲ್ಲಿ ಒಂಟಿ ಕಾಲಿನ ಮೇಲೆ 20 ಸೆಕೆಂಡ್ ನಿಲ್ಲಿಸಿ ನೋಡಿದ್ದೆ. ಸಲೀಸಾಗಿ ನಿಂತಿದ್ದರು. ಸಮತೋಲನ ಕಷ್ಟ ಇರುವವರಿಗೆ, ಮಧುಮೇಹದಿಂದ ಅಂಗಾಲಿನ ಸ್ಪರ್ಶ ಕಡಿಮೆಯಾದವರಿಗೆ ನಾನು ಇಂಥ ಶೂವನ್ನು ಹೀಗೆ ಸಲೀಸಾಗಿ ಹೇಳುವುದಿಲ್ಲ. ಬಿದ್ದರೆ ಹಿಮ್ಮಡಿ ನೋವಿಗಿಂತ ದೊಡ್ಡ ತೊಂದರೆ.

ಮೊದಲ ದಿನ ಒಂದು ಗಂಟೆ, ಆಮೇಲೆ ದಿನಕ್ಕೆ ಸುಮಾರು ಒಂದು ಗಂಟೆ ಹೆಚ್ಚಿಸುತ್ತಾ ಹತ್ತು ದಿನಕ್ಕೆ ಪೂರ್ತಿ ಡ್ಯೂಟಿ. ನಾಲ್ಕನೇ ದಿನ ತೊಡೆಯ ಮುಂಭಾಗ ನೋವು ಅಂದರು. ಹೊಸ ಶೂಗೆ ದೇಹ ಹೊಂದಿಕೊಳ್ಳುವಾಗ ಹೀಗಾಗುತ್ತದೆ, ಒಂದು ವಾರದಲ್ಲಿ ಹೋಯಿತು. ಅವರ ಕೆಲಸಕ್ಕೆ ಸಂಬಂಧಿಸಿ ಒಂದು ಎಚ್ಚರಿಕೆ ಬೇಕಿತ್ತು. ರೋಗಿಯನ್ನು ಹಾಸಿಗೆಯಿಂದ ಕುರ್ಚಿಗೆ ಕೂರಿಸುವಾಗ ಎರಡೂ ಪಾದ ಅಕ್ಕಪಕ್ಕ ಇಟ್ಟು ಮುಂದಕ್ಕೆ ಬಾಗಿದರೆ ರಾಕರ್ ಅವರನ್ನೂ ರೋಗಿಯನ್ನೂ ಮುಂದಕ್ಕೆ ಉರುಳಿಸುತ್ತದೆ. ಒಂದು ಕಾಲು ಮುಂದೆ, ಒಂದು ಹಿಂದೆ ಇಡಬೇಕು. ಇದನ್ನು ನನ್ನ ಕೊಠಡಿಯಲ್ಲೇ ಕುರ್ಚಿ ಇಟ್ಟು ಹತ್ತಾರು ಸಲ ಮಾಡಿಸಿದೆ. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯಬೇಕು, ಪಾದ ಪೂರ್ತಿ ಮೆಟ್ಟಿಲ ಮೇಲಿರಬೇಕು.

ಮೂರು ವಾರಕ್ಕೆ ಸಾಯಂಕಾಲದ ನೋವು ಆರರಿಂದ ಮೂರಕ್ಕೆ ಇಳಿಯಿತು. ಮೀನಖಂಡ ಸಡಿಲವಾಯಿತು, ಮಂಡಿ ಎಳೆಯುವುದು ನಿಂತಿತು. ವೀಡಿಯೋದಲ್ಲಿ ಪಾದ ನೇರವಾಗಿ ಮುಂದಕ್ಕೆ ಹೋಗುತ್ತಿತ್ತು.

ಬೆಳಗಿನ ನೋವು ಮಾತ್ರ ಐದರಲ್ಲೇ ನಿಂತಿತ್ತು.

ಬೆಳಗಿನ ಒಂದೂವರೆ ಗಂಟೆ

ಶೂ ಬದಲಿಸಬೇಕಾ, ಇನ್‌ಸೋಲ್ ಬದಲಿಸಬೇಕಾ ಎಂದು ಒಂದು ವಾರ ತಲೆ ಕೆಡಿಸಿಕೊಂಡೆ. ಆಮೇಲೆ ಅವರನ್ನು ಕೂರಿಸಿ, ಎಚ್ಚರವಾದ ಕ್ಷಣದಿಂದ ಮನೆ ಬಿಡುವವರೆಗೆ ಒಂದೊಂದೇ ಹೆಜ್ಜೆ ಹೇಳಿ ಅಂದೆ. ಹಾಸಿಗೆಯಿಂದ ಬಚ್ಚಲಿಗೆ ಬರಿಗಾಲು. ಅಲ್ಲಿಂದ ಅಡುಗೆಮನೆಗೆ, ಅಲ್ಲಿ ನಿಂತು ಕೆಲಸ, ಮತ್ತೆ ಕೋಣೆಗೆ. ಒಟ್ಟು ಒಂದೂವರೆ ಗಂಟೆ, ಪೂರ್ತಿ ಗಟ್ಟಿ ನೆಲದ ಮೇಲೆ. ಹೊರಡುವ ಹೊತ್ತಿಗೆ ಮಾತ್ರ ಶೂ.

ಇಷ್ಟು ದಿನ ನಾನು ಇದನ್ನು ಕೇಳಿರಲೇ ಇಲ್ಲ. "ಶೂ ಹಾಕ್ತೀರಾ?" ಅಂದಿದ್ದೆ, "ಹಾಕ್ತೀನಿ" ಅಂದಿದ್ದರು. ಇಬ್ಬರೂ ನಿಜವನ್ನೇ ಹೇಳಿದ್ದೆವು, ಆದರೆ ಪ್ರಶ್ನೆ ಇದ್ದದ್ದು ಡ್ಯೂಟಿಯ ಬಗ್ಗೆ ಮಾತ್ರ. ನಿದ್ದೆಯಲ್ಲಿ ಪಾದ ಕೆಳಮುಖವಾಗಿ ಇರುತ್ತದೆ. ಮೀನಖಂಡವೂ ಅಂಗಾಲಿನ ಪಟ್ಟಿಯೂ ಸಡಿಲ ಸ್ಥಿತಿಯಲ್ಲಿ ಗಂಟೆಗಟ್ಟಲೆ ಇದ್ದು ಬಿಗಿದುಕೊಂಡಿರುತ್ತವೆ. ಇಡೀ ದಿನದಲ್ಲಿ ಶೂ ಅತಿ ಹೆಚ್ಚು ಬೇಕಾದ ಹೊತ್ತು ಅದೇ. ಆ ಹೊತ್ತಿನಲ್ಲೇ ಅವರ ಕಾಲಲ್ಲಿ ಏನೂ ಇರಲಿಲ್ಲ.

ಮನೆಯೊಳಗೆ ಮಾತ್ರ ಬಳಸಲು ಒಂದು ಜೋಡಿ ದಪ್ಪ ಅಟ್ಟೆಯ ಚಪ್ಪಲಿ ಆರಿಸಿದೆವು. ಅದಕ್ಕೂ ಅದೇ ಪರೀಕ್ಷೆಗಳು: ನಡುವೆ ಮಡಚಬಾರದು, ಮುಂಭಾಗ ಸ್ವಲ್ಪ ಬಾಗಿರಬೇಕು, ಹಿಮ್ಮಡಿ ಕೂರುವ ಜಾಗದಲ್ಲಿ ಬಟ್ಟಲಿನಂಥ ತಗ್ಗಿರಬೇಕು. ಪಾದದ ಮೇಲೆ ಅಗಲ ಪಟ್ಟಿ ಇರಬೇಕು. ಬೆರಳಿನಿಂದ ಕಚ್ಚಿ ಹಿಡಿಯಬೇಕಾದ ಚಪ್ಪಲಿ ಬೇಡ ಅಂದೆ, ಹಿಡಿದಿಡಲು ಬೆರಳುಗಳು ಸುಮ್ಮನೆ ದುಡಿಯುತ್ತವೆ. ಚಪ್ಪಲಿ ಇರಬೇಕಾದ್ದು ಬಾಗಿಲ ಬಳಿ ಅಲ್ಲ, ಕಾಲು ಇಳಿಸುವ ಜಾಗದಲ್ಲಿ, ಮೂತಿ ಹೊರಮುಖವಾಗಿ. ಅದನ್ನು ಹಾಕಿಕೊಳ್ಳದೆ ಒಂದು ಹೆಜ್ಜೆಯನ್ನೂ ಇಡುವ ಹಾಗಿಲ್ಲ. ಇಳಿಯುವ ಮೊದಲು ಹಾಸಿಗೆಯ ಅಂಚಿನಲ್ಲಿ ಕೂತು, ಬಲಗಾಲನ್ನು ಎಡ ಮಂಡಿಯ ಮೇಲಿಟ್ಟು, ಬೆರಳುಗಳನ್ನು ಕೈಯಿಂದ ಮೊಣಕಾಲ ಕಡೆಗೆ ಎಳೆದು ಹತ್ತು ಎಣಿಸುವುದು, ಹೀಗೆ ಹತ್ತು ಸಲ.

ಎರಡು ವಾರಕ್ಕೆ ಬೆಳಗಿನ ನೋವು ಮೂರಕ್ಕೆ ಬಂತು. ಶೂ ಬದಲಾಗಿರಲಿಲ್ಲ, ಇನ್‌ಸೋಲೂ ಅದೇ.

ಹಾಗಂತ ಎಲ್ಲ ಶ್ರೇಯ ಚಪ್ಪಲಿಗೆ ಕೊಡುವುದು ಸರಿಯಲ್ಲ. ಎಳೆಯುವ ವ್ಯಾಯಾಮವೂ ಅದೇ ದಿನ ಶುರುವಾಗಿತ್ತು. ಹನ್ನೆರಡು ಗಂಟೆಯ ಡ್ಯೂಟಿಗಳು ಆ ತಿಂಗಳು ಎರಡೇ ಇದ್ದವು. ಜೊತೆಗೆ ಈ ನೋವು ಹೆಚ್ಚಿನವರಲ್ಲಿ ತಿಂಗಳುಗಳು ಕಳೆದಂತೆ ತಾನಾಗಿಯೂ ಇಳಿಯುತ್ತದೆ. ಆದರೂ ಮೂರು ವಾರ ಕದಲದೆ ಐದರಲ್ಲೇ ನಿಂತಿದ್ದ ಅಂಕ ಹೀಗೆ ಇಳಿದದ್ದು ಕಾಕತಾಳೀಯ ಎಂದು ನನಗೆ ಅನಿಸುವುದಿಲ್ಲ.

ಶೂ ಮಾಡದ ಕೆಲಸ

ರಾಕರ್ ಶೂ ಹಗ್ಗದ ಎಳೆತ ಕಡಿಮೆ ಮಾಡುತ್ತದೆ. ನೋವು ಹೆಚ್ಚಿದ್ದಾಗ ಅದೇ ಬೇಕು. ಆದರೆ ವರ್ಷಗಟ್ಟಲೆ ಎಳೆತವೇ ಬೀಳದಿದ್ದರೆ ಆ ಪಟ್ಟಿಗೆ ಶಕ್ತಿ ಬರುವುದು ಹೇಗೆ? ಹಾಗಾಗಿ ಆರನೇ ವಾರದಿಂದ, ಶೂ ಬಿಚ್ಚಿ, ಎಳೆತವನ್ನು ನಾವೇ ಅಳತೆ ಮಾಡಿ ಕೊಡಲು ಶುರುಮಾಡಿದೆವು. ಮೆಟ್ಟಿಲ ಅಂಚಿನಲ್ಲಿ ಒಂಟಿ ಕಾಲಲ್ಲಿ ನಿಂತು, ಬೆರಳುಗಳ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮೂರು ಸೆಕೆಂಡಿನಲ್ಲಿ ಹಿಮ್ಮಡಿ ಎತ್ತುವುದು, ಎರಡು ಸೆಕೆಂಡ್ ನಿಲ್ಲುವುದು, ಮೂರು ಸೆಕೆಂಡಿನಲ್ಲಿ ಇಳಿಸುವುದು. ಹನ್ನೆರಡರ ಮೂರು ಸುತ್ತು, ದಿನ ಬಿಟ್ಟು ದಿನ. ಡೆನ್ಮಾರ್ಕ್‌ನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಈ ವ್ಯಾಯಾಮ ಮಾಡಿದವರು ಮೂರು ತಿಂಗಳಿಗೆ, ಬರೀ ಎಳೆಯುವ ವ್ಯಾಯಾಮ ಮಾಡಿದವರಿಗಿಂತ ಮುಂದಿದ್ದರು. ಒಂದು ವರ್ಷದ ಹೊತ್ತಿಗೆ ಎರಡೂ ಗುಂಪು ಸಮ ಆಗಿದ್ದವು.

ಇವರಿಗೆ ಒಂಟಿ ಕಾಲಲ್ಲಿ ಮೊದಲು ಐದು ಸಲಕ್ಕಿಂತ ಹೆಚ್ಚು ಆಗಲಿಲ್ಲ. ಎರಡೂ ಕಾಲಲ್ಲಿ ಶುರುಮಾಡಿ ಮೂರು ವಾರದ ಮೇಲೆ ಒಂಟಿ ಕಾಲಿಗೆ ಬಂದರು. ಮಾಡುವಾಗ ನೋವು ನಾಲ್ಕರವರೆಗೆ ಬಂದರೆ ಪರವಾಗಿಲ್ಲ, ಮರುದಿನ ಬೆಳಿಗ್ಗೆ ಮೊದಲ ಹೆಜ್ಜೆಯ ನೋವು ಏರಿರಬಾರದು ಎನ್ನುವುದು ನಮ್ಮ ಒಪ್ಪಂದ.

ಹನ್ನೊಂದನೇ ವಾರ ಒಂದು ಹಿನ್ನಡೆ ಆಯಿತು. ಒಂದು ದಿನದ ಪ್ರಯಾಣಕ್ಕೆ ಹಳೆಯ ಚಪ್ಪಟೆ ಶೂ ಹಾಕಿಕೊಂಡು ಹೋಗಿದ್ದರು. ಐದು ಗಂಟೆ ನಡೆದಾಟ. ಮರುದಿನ ಬೆಳಿಗ್ಗೆ ನೋವು ಆರು. ಫೋನಿನಲ್ಲಿ ಅವರ ದನಿ ನಡುಗುತ್ತಿತ್ತು, ಎಲ್ಲ ಮತ್ತೆ ಮೊದಲಿಗೆ ಬಂತು ಅಂದರು. ನಾಲ್ಕು ದಿನ ವ್ಯಾಯಾಮ ನಿಲ್ಲಿಸಿ, ರಾಕರ್ ಮತ್ತು ಮನೆಯ ಚಪ್ಪಲಿ ಬಿಟ್ಟು ಬೇರೇನೂ ಹಾಕದಿರಲು ಹೇಳಿದೆ. ಐದನೇ ದಿನ ಮೂರಕ್ಕೆ ಇಳಿದಿತ್ತು. ಎಳೆತ ಒಂದೇ ಸಲ ಹೆಚ್ಚಾದಾಗ ನೋವು ಹೀಗೆ ಭುಗಿಲೆದ್ದು ಕೆಲವೇ ದಿನಗಳಲ್ಲಿ ಕೂರುತ್ತದೆ. ವಾರ ಕಳೆದರೂ ಕೂರದಿದ್ದರೆ, ಊತ ಬಂದರೆ, ಮಲಗಿದಾಗಲೂ ನೋವಿದ್ದರೆ ನಾನು ವೈದ್ಯರ ಬಳಿ ಕಳಿಸುತ್ತಿದ್ದೆ.

ಆರು ತಿಂಗಳ ಹೊತ್ತಿಗೆ

ನಾಲ್ಕನೇ ತಿಂಗಳಿನಿಂದ ರಾಕರ್ ಬಿಡಿಸಲು ಶುರುಮಾಡಿದೆವು. ರಜಾ ದಿನಗಳಲ್ಲಿ ಎರಡು ಗಂಟೆ, ಬೆರಳ ಹತ್ತಿರ ಮಾತ್ರ ಬಾಗುವ, ನಡುವೆ ಮಡಚದ ಸಾಮಾನ್ಯ ಶೂ. ಎರಡು ವಾರಕ್ಕೊಮ್ಮೆ ಒಂದೊಂದು ಗಂಟೆ ಹೆಚ್ಚು. ಬೆಳಗಿನ ನೋವು ಎರಡನ್ನು ದಾಟಿದರೆ ಒಂದು ಹೆಜ್ಜೆ ಹಿಂದಕ್ಕೆ. ಒಮ್ಮೆ ಮಾತ್ರ ಹಿಂದಕ್ಕೆ ಹೋಗಬೇಕಾಯಿತು.

ಆರನೇ ತಿಂಗಳ ಕೊನೆಗೆ ಬೆಳಗಿನ ನೋವು ಒಂದು, ಕೆಲವು ದಿನ ಸೊನ್ನೆ. ಗೋಡೆಯ ಪರೀಕ್ಷೆಯಲ್ಲಿ ಬಲಗಾಲು 8 ಸೆಂ.ಮೀ. ಹೊರಗೆ ಓಡಾಡಲು ಸಾಮಾನ್ಯ ಶೂ ಸಾಕು. ಡ್ಯೂಟಿಗೆ ರಾಕರ್ ಇನ್ನೂ ಇದೆ. ಹನ್ನೆರಡು ಗಂಟೆ ನಿಲ್ಲುವ ದಿನಗಳಿಗೆ ಅದನ್ನು ಬಿಡಿಸುವ ಆತುರ ನನಗೂ ಇರಲಿಲ್ಲ, ಅವರಿಗೂ ಇರಲಿಲ್ಲ.

ಕೊನೆಯ ಭೇಟಿಯಲ್ಲಿ ಅವರು ತಮ್ಮ ರಾಕರ್ ಶೂವನ್ನು ತಾವೇ ಬಿಚ್ಚಿ ಮೇಜಿನ ಮೇಲಿಟ್ಟರು. ಹಿಂದಿನಿಂದ ನೋಡಿ, "ಸ್ವಲ್ಪ ಒಳಕ್ಕೆ ವಾಲಿದೆ, ಅಲ್ವಾ ಮೇಡಂ?" ಅಂದರು. ಹೌದು, ವಾಲಿತ್ತು. ಮೂತಿ ಹಿಡಿದು ಮೇಲಕ್ಕೆ ಒತ್ತಿ ನೋಡಿದರು. ಹೊಸದರಲ್ಲಿ ಅಲುಗದಿದ್ದ ಮಿಡ್‌ಸೋಲ್ ಈಗ ಬೆರಳ ಜಾಗದಲ್ಲಿ ಒಂದಿಷ್ಟು ಬಾಗಿತು. ಆರು ತಿಂಗಳಲ್ಲಿ ಅದರ ಗಟ್ಟಿತನ ಸವೆದಿತ್ತು. ಹೊಸ ಜೋಡಿ ಕೊಳ್ಳುವಾಗ ನಾನು ಜೊತೆಗೆ ಬೇಕಾ ಎಂದು ಕೇಳಿದೆ. ಬೇಡ ಅಂದರು. ಕೈಚೀಲದಿಂದ ಒಂದು ದಪ್ಪ ಕಾಗದ ಮತ್ತು ಅಳತೆ ಪಟ್ಟಿ ತೆಗೆದು ತೋರಿಸಿದರು.